ಮಾಜಾಳಿ ದಾಟುವ ಉಪ್ಪಿನಕಾಯಿ: ಜಿಎಸ್‌ಟಿ ನೋಂದಣಿಯಿಂದ ಮೊದಲ ರಿಟರ್ನ್‌ವರೆಗೆ

2025ರ ಜುಲೈನಲ್ಲಿ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಅಂದಿನಿಂದ ‘40 ಲಕ್ಷ’ ಎಂಬ ಅಂಕಿ ಕಾರವಾರದ ಪ್ರತಿ ಅಂಗಡಿಯವರ ಬಾಯಲ್ಲೂ ಇದೆ. ಸರಕು ಮಾರುವವರ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟದಿದ್ದರೆ ಜಿಎಸ್‌ಟಿ ನೋಂದಣಿ ಬೇಕಿಲ್ಲ, ಸೇವೆ ಕೊಡುವವರಿಗೆ ಈ ಮಿತಿ 20 ಲಕ್ಷ. ಈ ಮಾತು ನಿಜ. ಆದರೆ ನಮ್ಮ ಕರಾವಳಿಯಲ್ಲಿ ಇದನ್ನು ಅರ್ಧ ಮಾತ್ರ ಕೇಳಿಸಿಕೊಂಡು ನೆಮ್ಮದಿಯಿಂದ ಇರುವವರು ಬಹಳ. ಕಾಳಿ ಸೇತುವೆ ದಾಟಿ ಮಾಜಾಳಿಯ ಆಚೆ ಹೋದರೆ ಗೋವಾ. ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯ. ಅಲ್ಲಿ 40 ಲಕ್ಷದ ರಕ್ಷಣೆ ಇಲ್ಲ.

ಆದ್ದರಿಂದ ನಮ್ಮ ಊರಿನದೇ ಆದ ಒಂದು ಪ್ರಸಂಗವನ್ನು ಹಿಡಿದು ಮೊದಲಿನಿಂದ ಕೊನೆಯವರೆಗೆ ನಡೆಯೋಣ. ಅಮದಳ್ಳಿಯ ಕಡೆ ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಮತ್ತು ಹಲಸಿನ ಹಪ್ಪಳ ಮಾಡಿ ಮಾರುವ ಒಬ್ಬ ಅಕ್ಕ ಇದ್ದಾರೆ ಎಂದುಕೊಳ್ಳಿ. ವರ್ಷಕ್ಕೆ ಹತ್ತು ಲಕ್ಷದ ವ್ಯಾಪಾರ. ಕಾಣಕೋಣದ ಅಂಗಡಿಯವರೊಬ್ಬರು ರುಚಿ ನೋಡಿ, ‘ತಿಂಗಳಿಗೆ 40 ಸಾವಿರದ ಮಾಲು ಕಳಿಸಿ, ಆದರೆ ಜಿಎಸ್‌ಟಿ ಬಿಲ್ ಬೇಕು’ ಎಂದಿದ್ದಾರೆ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ದುಂಡಾಗಿ ಇಟ್ಟಿದ್ದೇನೆ.

ಎರಡು ಸರಕು, ಎರಡು ನಿಯಮ

ಉಪ್ಪಿನಕಾಯಿಗೆ ಈಗ 5% ತೆರಿಗೆ. 2025ರ ಸೆಪ್ಟೆಂಬರ್ 21ರವರೆಗೆ ಅದು 12% ಇತ್ತು. ಹಪ್ಪಳಕ್ಕೆ ತೆರಿಗೆಯೇ ಇಲ್ಲ. ಹಲಸಿನದಾಗಲಿ ಉದ್ದಿನದಾಗಲಿ, ಹಪ್ಪಳ ಯಾವ ಹೆಸರಿನದಾದರೂ ದರ ಸೊನ್ನೆ. ಅಕ್ಕ ಬರೀ ಹಪ್ಪಳ ಮಾರುವವರಾಗಿದ್ದರೆ ಗೋವಾಕ್ಕೆ ಕಳಿಸಿದರೂ ನೋಂದಣಿ ಬೇಕಾಗುತ್ತಿರಲಿಲ್ಲ, ಏಕೆಂದರೆ ಪೂರ್ತಿ ತೆರಿಗೆಮುಕ್ತ ಸರಕನ್ನೇ ಮಾರುವವರನ್ನು ಕಾನೂನು ನೋಂದಣಿಯಿಂದ ಹೊರಗಿಟ್ಟಿದೆ. ಅವರನ್ನು ಪೋರ್ಟಲ್‌ಗೆ ಕರೆತರುತ್ತಿರುವುದು ಉಪ್ಪಿನಕಾಯಿ.

‘ಕಾಂಪೊಸಿಷನ್’ ಯೋಜನೆಗೆ ಸೇರಿದರೆ 1% ಕಟ್ಟಿ ಕೈ ತೊಳೆದುಕೊಳ್ಳಬಹುದಲ್ಲ ಎಂದು ಯಾರಾದರೂ ಸಲಹೆ ಕೊಟ್ಟಾರು. ಆ ಯೋಜನೆಯಲ್ಲಿರುವವರು ಹೊರರಾಜ್ಯಕ್ಕೆ ಸರಕು ಮಾರುವಂತಿಲ್ಲ, ಗಿರಾಕಿಯಿಂದ ತೆರಿಗೆ ಪಡೆಯುವಂತೆಯೂ ಇಲ್ಲ. ಕಾಣಕೋಣದ ಅಂಗಡಿಯೇ ಗುರಿಯಾದ್ದರಿಂದ ಅಕ್ಕನಿಗೆ ಸಾಮಾನ್ಯ ನೋಂದಣಿಯೊಂದೇ ದಾರಿ.

ಅರ್ಜಿಗೆ ಕೂರುವ ಮೊದಲು

ನೋಂದಣಿಗೆ ಸರ್ಕಾರ ಒಂದು ರೂಪಾಯಿ ಶುಲ್ಕವನ್ನೂ ತೆಗೆದುಕೊಳ್ಳುವುದಿಲ್ಲ. ಬೇಕಾಗುವುದು ಪ್ಯಾನ್, ಮೊಬೈಲ್ ಜೋಡಣೆಯಾದ ಆಧಾರ್, ಇಮೇಲ್, ಒಂದು ಫೋಟೊ ಮತ್ತು ವ್ಯಾಪಾರದ ಜಾಗದ ದಾಖಲೆ. ಅರ್ಜಿಗಳು ಹೆಚ್ಚಾಗಿ ಸಿಕ್ಕಿಕೊಳ್ಳುವುದು ಈ ಕೊನೆಯದರಲ್ಲಿ.

ನಮ್ಮ ಹಳ್ಳಿಗಳಲ್ಲಿ ಹೆಸ್ಕಾಂ ಬಿಲ್ ಇಂದಿಗೂ ತೀರಿಹೋದ ಮಾವನ ಹೆಸರಿನಲ್ಲೋ ಅಜ್ಜನ ಹೆಸರಿನಲ್ಲೋ ಬರುತ್ತದೆ. ಅದನ್ನೇ ಸ್ಕ್ಯಾನ್ ಮಾಡಿ ಏರಿಸಿದರೆ ಅಧಿಕಾರಿಗೆ ಕಾಣುವುದು ಅರ್ಜಿದಾರರಿಗೂ ಮನೆಗೂ ಸಂಬಂಧವೇ ಇಲ್ಲದ ಒಂದು ಹೆಸರು. ಹೀಗಾದಾಗ ಮನೆ ಈಗ ಯಾರ ಹೆಸರಿನಲ್ಲಿದೆಯೋ ಅವರ ಹೆಸರಿನ ಪಂಚಾಯಿತಿ ಅಥವಾ ನಗರಸಭೆಯ ತೆರಿಗೆ ರಸೀದಿಯನ್ನು ಮೊದಲು ಹೊಂದಿಸಿಕೊಳ್ಳಿ. ಮನೆ ಗಂಡನದೋ ಅತ್ತೆಯದೋ ಆಗಿದ್ದರೆ, ‘ಈ ಜಾಗದಲ್ಲಿ ಇವರು ವ್ಯಾಪಾರ ಮಾಡಲು ನನ್ನ ಒಪ್ಪಿಗೆ ಇದೆ’ ಎಂದು ಅವರು ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಿದ ಪತ್ರ ಮತ್ತು ಅವರ ಗುರುತಿನ ಚೀಟಿಯನ್ನೂ ಸೇರಿಸಿ. ಮೂರನ್ನೂ ಒಂದೇ ಪಿಡಿಎಫ್ ಮಾಡಿದರೆ ಒಂದು ಹಾಳೆ ಬಿಟ್ಟುಹೋಗುವ ಭಯವಿರುವುದಿಲ್ಲ. ಪತ್ರದಲ್ಲಿರುವ ವಿಳಾಸ, ರಸೀದಿಯ ಮನೆ ನಂಬರು ಮತ್ತು ಅರ್ಜಿಯಲ್ಲಿ ಬರೆದ ವಿಳಾಸ ಅಕ್ಷರಕ್ಕೆ ಅಕ್ಷರ ಹೊಂದಬೇಕು.

ಅರ್ಜಿ ತುಂಬುವುದು

ಪೋರ್ಟಲ್‌ನ ವಿಳಾಸ www.gst.gov.in. ಒಳಗೆ ಹೋಗುವ ದಾರಿ ಇದು:

```
Services > Registration > New Registration
```

ಅರ್ಜಿಗೆ ಎರಡು ಭಾಗ. ಮೊದಲನೆಯದರಲ್ಲಿ ರಾಜ್ಯ, ಜಿಲ್ಲೆ, ಪ್ಯಾನ್‌ನಲ್ಲಿರುವಂತೆಯೇ ಹೆಸರು, ಮೊಬೈಲ್, ಇಮೇಲ್ ಕೊಟ್ಟರೆ ಎರಡಕ್ಕೂ ಬೇರೆ ಬೇರೆ ಒಟಿಪಿ ಬರುತ್ತದೆ. ಅವುಗಳನ್ನು ತುಂಬಿದ ಮೇಲೆ TRN ಎಂಬ ತಾತ್ಕಾಲಿಕ ಸಂಖ್ಯೆ ಸಿಗುತ್ತದೆ. ಅದಕ್ಕೆ ಆಯಸ್ಸು ಹದಿನೈದು ದಿನ. ಅಷ್ಟರೊಳಗೆ ಎರಡನೆಯ ಭಾಗ ಮುಗಿಸದಿದ್ದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಮೊಬೈಲ್ ನಂಬರನ್ನೂ ಇಮೇಲ್‌ಅನ್ನೂ ಅರ್ಜಿ ತುಂಬಿಕೊಡುವವರದ್ದು ಹಾಕಬೇಡಿ, ನಿಮ್ಮದೇ ಹಾಕಿ. ಮುಂದೆ ಬರುವ ಪ್ರತಿ ನೋಟಿಸ್, ಪ್ರತಿ ಒಟಿಪಿ ಅಲ್ಲಿಗೇ ಬರುತ್ತದೆ. ಆ ವ್ಯಕ್ತಿ ಊರು ಬಿಟ್ಟರೆ ನಿಮ್ಮ ವ್ಯಾಪಾರದ ಬೀಗದ ಕೈ ಅವರ ಜೇಬಿನಲ್ಲೇ ಹೋಗುತ್ತದೆ.

ಎರಡನೆಯ ಭಾಗದಲ್ಲಿ ವ್ಯಾಪಾರದ ಹೆಸರು, ಮಾಲೀಕರ ವಿವರ, ಜಾಗ, ಮಾರುವ ಸರಕು ಎಂದು ಸಾಲಾಗಿ ಪುಟಗಳು ತೆರೆದುಕೊಳ್ಳುತ್ತವೆ. ಅಕ್ಕ ಒಬ್ಬರೇ ಮಾಲೀಕರಾದ್ದರಿಂದ ವ್ಯಾಪಾರದ ಸ್ವರೂಪ `Proprietorship`. ನೋಂದಣಿಗೆ ಕಾರಣ ಏನೆಂದು ಕೇಳುವಲ್ಲಿ `Inter-State Supply` ಆರಿಸಬೇಕು. ಸರಕಿನ ಪುಟದಲ್ಲಿ ಎಚ್‌ಎಸ್‌ಎನ್ ಸಂಖ್ಯೆ ಕೇಳುತ್ತದೆ. ಅಂಚೆಗೆ ಪಿನ್‌ಕೋಡ್ ಹೇಗೋ ಸರಕಿಗೆ ಇದು ಹಾಗೆ: ಊರಿನ ಹೆಸರನ್ನು ಯಾರು ಹೇಗೆ ಬರೆದರೂ ಪತ್ರ ತಲುಪುವಂತೆ, ಸರಕನ್ನು ಯಾರು ಯಾವ ಭಾಷೆಯಲ್ಲಿ ಕರೆದರೂ ದರ ತಿಳಿಯುವ ಸಂಕೇತ. ಉಪ್ಪಿನಕಾಯಿಗೆ 2001, ಹಪ್ಪಳಕ್ಕೆ 1905.

2025ರ ನವೆಂಬರ್ 1ರಿಂದ ನಿಯಮ 14ಎ ಎಂಬ ಹೊಸ ಆಯ್ಕೆಯೂ ಈ ಅರ್ಜಿಯಲ್ಲಿದೆ. ನೋಂದಾಯಿತ ವ್ಯಾಪಾರಿಗಳಿಗೆ ಮಾರುವ ಸರಕಿನ ಮೇಲಿನ ತೆರಿಗೆ ತಿಂಗಳಿಗೆ ಎರಡೂವರೆ ಲಕ್ಷ ರೂಪಾಯಿ ಮೀರದವರಿಗೆ ಮೂರು ಕೆಲಸದ ದಿನಗಳಲ್ಲಿ ನೋಂದಣಿ ಕೊಡುವ ವ್ಯವಸ್ಥೆ ಇದು. ಆಧಾರ್ ದೃಢೀಕರಣ ಇದಕ್ಕೆ ಕಡ್ಡಾಯ. ಅಕ್ಕನ ತೆರಿಗೆ ತಿಂಗಳಿಗೆ ಕೆಲವು ಸಾವಿರದ್ದು, ಹಾಗಾಗಿ ಅವರು ಇದನ್ನು ಧಾರಾಳವಾಗಿ ಆರಿಸಿಕೊಳ್ಳಬಹುದು.

ಕೊನೆಯಲ್ಲಿ ಒಟಿಪಿಯಿಂದಲೇ ಸಹಿ. ಆಮೇಲೆ ಆಧಾರ್ ದೃಢೀಕರಣದ ಕೊಂಡಿ ಮೊಬೈಲ್‌ಗೂ ಇಮೇಲ್‌ಗೂ ಬರುತ್ತದೆ. ಕೆಲವರಿಗೆ ಬೆರಳಚ್ಚು ಕೊಡಲು ಜಿಎಸ್‌ಟಿ ಸುವಿಧಾ ಕೇಂದ್ರಕ್ಕೆ ಬರುವಂತೆ ಇಮೇಲ್ ಬರುತ್ತದೆ. ದೃಢೀಕರಣ ಮುಗಿದ ಮೇಲೆ ARN ಎಂಬ ಅರ್ಜಿ ಸಂಖ್ಯೆ ಹುಟ್ಟುತ್ತದೆ. ಅದು ಬರುವವರೆಗೆ ಅರ್ಜಿ ಸಲ್ಲಿಕೆಯಾಗಿಲ್ಲವೆಂದೇ ತಿಳಿಯಬೇಕು. ‘ಸಬ್‌ಮಿಟ್ ಒತ್ತಿದೆನಲ್ಲ’ ಎಂದು ಸುಮ್ಮನೆ ಕುಳಿತವರ ಅರ್ಜಿಗಳು ಹದಿನೈದು ದಿನ ಕಳೆದು ಅಳಿದುಹೋಗುವುದು ಹೀಗೆ.

ಅಧಿಕಾರಿಗೆ ಅನುಮಾನ ಬಂದರೆ ಪೋರ್ಟಲ್‌ನಲ್ಲೇ ಪ್ರಶ್ನೆ ಕೇಳುತ್ತಾರೆ. ಉತ್ತರಕ್ಕೆ ಏಳು ಕೆಲಸದ ದಿನಗಳ ಗಡುವು, ಮೀರಿದರೆ ಅರ್ಜಿ ತಿರಸ್ಕಾರವಾಗಬಹುದು. ಎಲ್ಲ ಸರಿಯಿದ್ದರೆ ಹದಿನೈದು ಅಕ್ಷರಗಳ ಜಿಎಸ್‌ಟಿ ಸಂಖ್ಯೆ ಬರುತ್ತದೆ. ಅದರ ಮೊದಲೆರಡು ಅಂಕಿ ರಾಜ್ಯದ್ದು, ಮುಂದಿನ ಹತ್ತು ನಿಮ್ಮ ಪ್ಯಾನ್. ಕರ್ನಾಟಕಕ್ಕೆ 29, ಗೋವಾಕ್ಕೆ 30. ಈ ಎರಡು ಅಂಕಿಗಳನ್ನು ನೆನಪಿಡಿ, ರಿಟರ್ನ್ ತುಂಬುವಾಗ ಇವುಗಳ ಮೇಲೆಯೇ ಎಲ್ಲ ನಿಂತಿದೆ.

ಮೊದಲ ರಿಟರ್ನ್‌ಗೆ ಅಡ್ಡ ಬರುವ ಬ್ಯಾಂಕ್ ಖಾತೆ

ನೋಂದಣಿಯಾಗುವಾಗ ಬ್ಯಾಂಕ್ ವಿವರ ಕೊಡದಿದ್ದರೂ ನಡೆಯುತ್ತದೆ. ಆದರೆ ಸಂಖ್ಯೆ ಸಿಕ್ಕ 30 ದಿನದೊಳಗೆ ಅಥವಾ ಮೊದಲ ಮಾರಾಟದ ಪಟ್ಟಿ ಸಲ್ಲಿಸುವ ಮೊದಲು, ಇವುಗಳಲ್ಲಿ ಯಾವುದು ಮುಂಚೆಯೋ ಆಗ, ಖಾತೆಯನ್ನು ಸೇರಿಸಲೇಬೇಕು. ಸೇರಿಸದಿದ್ದರೆ ನೋಂದಣಿ ಅಮಾನತಾಗಬಹುದು, ರಿಟರ್ನ್‌ನ ಬಾಗಿಲೂ ತೆರೆಯುವುದಿಲ್ಲ. ಖಾತೆಯ ಹೆಸರು ಪ್ಯಾನ್‌ನ ಹೆಸರಿಗೆ ಹೊಂದಬೇಕು. ಪ್ಯಾನ್‌ನಲ್ಲಿ ಮದುವೆಗೆ ಮುಂಚಿನ ಹೆಸರು, ಬ್ಯಾಂಕಿನಲ್ಲಿ ಆಮೇಲಿನ ಹೆಸರು ಇದ್ದರೆ ಅದನ್ನು ಮೊದಲೇ ಸರಿಪಡಿಸಿಕೊಳ್ಳಿ. ಸಂಖ್ಯೆ ಬಂದ ದಿನವೇ ಮಾಡಬೇಕಾದ ಕೆಲಸ ಇದು.

ಬಿಲ್ ಪುಸ್ತಕ ಮತ್ತು ಮೂರು ಡಬ್ಬಿ

ಅಕ್ಕನಿಗೆ ಜೂನ್ 5ರಂದು ಸಂಖ್ಯೆ ಬಂತು ಎನ್ನೋಣ. ಅಂದಿನಿಂದ ಜೂನ್ 30ರವರೆಗಿನ ವ್ಯಾಪಾರವೇ ಅವರ ಮೊದಲ ರಿಟರ್ನ್. ಐದು ಕೋಟಿಯೊಳಗಿನ ವಹಿವಾಟಿದ್ದವರು ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಆಯ್ಕೆಯನ್ನೂ ತೆಗೆದುಕೊಳ್ಳಬಹುದು. ಅಕ್ಕ ತಿಂಗಳ ಪದ್ಧತಿಯನ್ನೇ ಆರಿಸಿಕೊಂಡಿದ್ದಾರೆ, ಏಕೆಂದರೆ ಲೆಕ್ಕ ಸಣ್ಣದಾಗಿದ್ದಾಗಲೇ ಮುಗಿಸುವುದು ಅವರ ಸ್ವಭಾವ.

ತೆರಿಗೆಯನ್ನು ಮೂರು ಡಬ್ಬಿಗಳಾಗಿ ಯೋಚಿಸಿ. ಒಂದು ಕೇಂದ್ರದ್ದು, ಅದು ಸಿಜಿಎಸ್‌ಟಿ. ಒಂದು ಕರ್ನಾಟಕದ್ದು, ಎಸ್‌ಜಿಎಸ್‌ಟಿ. ಮೂರನೆಯದು ರಾಜ್ಯದ ಗಡಿ ದಾಟುವ ಸರಕಿನದು, ಐಜಿಎಸ್‌ಟಿ. ಕಾರವಾರದಲ್ಲೇ ಮಾರಿದರೆ 5% ಎರಡು ಪಾಲಾಗಿ ಮೊದಲೆರಡು ಡಬ್ಬಿಗೆ ಎರಡೂವರೆ ಎರಡೂವರೆ ಬೀಳುತ್ತದೆ. ಕಾಣಕೋಣಕ್ಕೆ ಹೋದರೆ ಐದೂ ಮೂರನೆಯ ಡಬ್ಬಿಗೆ. ಗಿರಾಕಿ ಕೊಡುವ ಒಟ್ಟು ಹಣದಲ್ಲಿ ವ್ಯತ್ಯಾಸವಿಲ್ಲ, ಯಾವ ಡಬ್ಬಿಗೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ.

ಜೂನ್‌ನಲ್ಲಿ ಅಕ್ಕನ ಬಿಲ್ ಪುಸ್ತಕ ಹೀಗಿದೆ. ಕಾಣಕೋಣದ ಅಂಗಡಿಗೆ 40,000 ರೂಪಾಯಿಯ ಉಪ್ಪಿನಕಾಯಿ, ಮೇಲೆ ಐಜಿಎಸ್‌ಟಿ 2,000. ಕಾರವಾರದ ನೋಂದಾಯಿತ ಅಂಗಡಿಯೊಂದಕ್ಕೆ 20,000 ರೂಪಾಯಿಯದು, ಮೇಲೆ 500 ಮತ್ತು 500. ಕಾರವಾರದ ಭಾನುವಾರದ ಸಂತೆಯಲ್ಲಿ ಕೈಯಿಂದ ಕೈಗೆ ಮಾರಿದ ಉಪ್ಪಿನಕಾಯಿ 10,000, ಮೇಲೆ 250 ಮತ್ತು 250. ಮಳೆಗೆ ಮುಂಚೆ ಒಣಗಿಸಿಟ್ಟಿದ್ದ ಹಪ್ಪಳ ಅದೇ ಸಂತೆಯಲ್ಲಿ 15,000ಕ್ಕೆ ಹೋಯಿತು, ಅದಕ್ಕೆ ತೆರಿಗೆಯಿಲ್ಲ. ಅಲ್ಲಿಗೆ ಒಟ್ಟು ಮಾರಾಟ 85,000, ಗಿರಾಕಿಗಳಿಂದ ಪಡೆದ ತೆರಿಗೆ 3,500.

ಕಾಣಕೋಣದ ಬಿಲ್ಲು ತೆರಿಗೆ ಸೇರಿ 42,000. ಒಂದು ಸಲಕ್ಕೆ ಕಳಿಸುವ ಮಾಲಿನ ಬೆಲೆ ತೆರಿಗೆಯೂ ಸೇರಿ 50,000 ದಾಟಿದ್ದರೆ ವಾಹನದ ಜೊತೆ ಇ-ವೇ ಬಿಲ್ ಇರಬೇಕಾಗುತ್ತಿತ್ತು.

ಹನ್ನೊಂದರೊಳಗೆ ಮಾರಾಟದ ಪಟ್ಟಿ

ತಿಂಗಳ ರಿಟರ್ನ್ ಎಂದರೆ ವಾಸ್ತವದಲ್ಲಿ ಎರಡು ಕಾಗದ. ಮೊದಲನೆಯದು GSTR-1, ಮಾರಾಟದ ಪಟ್ಟಿ. ಮುಂದಿನ ತಿಂಗಳ 11ನೇ ತಾರೀಖಿನೊಳಗೆ ಸಲ್ಲಿಸಬೇಕು. ಇದರಲ್ಲಿ ಹಣ ಕಟ್ಟುವುದಿಲ್ಲ, ಯಾರಿಗೆ ಏನು ಮಾರಿದೆ ಎಂದು ಹೇಳುವುದಷ್ಟೆ.

ನೋಂದಾಯಿತ ಅಂಗಡಿಗಳ ಎರಡು ಬಿಲ್ಲುಗಳನ್ನು ಒಂದೊಂದಾಗಿ, ಅವರ ಜಿಎಸ್‌ಟಿ ಸಂಖ್ಯೆಯೊಡನೆ ತುಂಬಬೇಕು. ಸಂತೆಯ ಉಪ್ಪಿನಕಾಯಿಗೆ ಹೆಸರು ಬೇಕಿಲ್ಲ, ಒಟ್ಟು ಮೊತ್ತ ಸಾಕು. ಹಪ್ಪಳದ 15,000 ತೆರಿಗೆರಹಿತ ಸರಕಿನ ಕೋಷ್ಟಕಕ್ಕೆ ಹೋಗುತ್ತದೆ. ಆಮೇಲೆ ಎಚ್‌ಎಸ್‌ಎನ್ ಪ್ರಕಾರ ಒಟ್ಟು ಮಾರಾಟ, ಕೊನೆಗೆ ಎಷ್ಟರಿಂದ ಎಷ್ಟನೇ ನಂಬರಿನ ಬಿಲ್ ಕೊಟ್ಟಿದ್ದೀರಿ, ಎಷ್ಟು ರದ್ದಾಗಿವೆ ಎಂಬ ಲೆಕ್ಕ.

ಇಲ್ಲಿ ಆಗುವ ದೊಡ್ಡ ತಪ್ಪು ಒಂದೇ. ಬಿಲ್ ತುಂಬುವಾಗ `POS` ಎಂಬ ಕಡೆ ಸರಕು ಯಾವ ರಾಜ್ಯಕ್ಕೆ ಹೋಯಿತು ಎಂದು ಕೇಳುತ್ತದೆ. ಕಾಣಕೋಣದ ಬಿಲ್ಲಿಗೆ ಅಲ್ಲಿ 30 ಇರಬೇಕು. ಅಭ್ಯಾಸಬಲದಿಂದ 29 ಎಂದಾದರೆ ಪೋರ್ಟಲ್ ಐಜಿಎಸ್‌ಟಿಯ ಜಾಗದಲ್ಲಿ ಬೇರೆ ಎರಡು ಡಬ್ಬಿಗಳನ್ನು ತೆರೆದುಬಿಡುತ್ತದೆ. ಗುರುತಿಸುವುದು ಸುಲಭ: ಕೈಯಲ್ಲಿರುವ ಬಿಲ್ಲಿನಲ್ಲಿ ತೆರಿಗೆ ಒಂದೇ ಸಾಲಿನಲ್ಲಿದ್ದು ಪರದೆಯಲ್ಲಿ ಎರಡು ಸಾಲು ಕಂಡರೆ ರಾಜ್ಯ ತಪ್ಪಾಗಿದೆ. ಸಲ್ಲಿಸುವ ಮೊದಲು ಸಾರಾಂಶದ ಪುಟ ತೆರೆದು ಐಜಿಎಸ್‌ಟಿ 2,000, ಸಿಜಿಎಸ್‌ಟಿ 750, ಎಸ್‌ಜಿಎಸ್‌ಟಿ 750 ಎಂದು ಇದೆಯೇ ನೋಡಿ. ಸಲ್ಲಿಸಿದ ಮೇಲೆ ತಪ್ಪು ಕಂಡರೆ GSTR-1A ಎಂಬ ತಿದ್ದುಪಡಿಯಲ್ಲಿ ಅದೇ ತಿಂಗಳು ಸರಿಪಡಿಸಬಹುದು, ಆದರೆ ಮುಂದಿನ ಕಾಗದವಾದ GSTR-3B ಸಲ್ಲಿಸುವ ಮೊದಲು ಮಾತ್ರ.

ಹದಿನಾಲ್ಕಕ್ಕೆ ಖರೀದಿಯ ತಾಳೆ

ಅಕ್ಕ ಮಾರಾಟದ ಮೇಲೆ ತೆರಿಗೆ ಪಡೆದಂತೆ ಖರೀದಿಯ ಮೇಲೆ ತಾವೂ ತೆರಿಗೆ ಕೊಟ್ಟಿದ್ದಾರೆ. ಹುಬ್ಬಳ್ಳಿಯಿಂದ ತಂದ 8,000 ರೂಪಾಯಿಯ ಬಾಟಲಿಗಳಿಗೆ 18%, ಅಂದರೆ 720 ಮತ್ತು 720. 6,000 ರೂಪಾಯಿಯ ಎಣ್ಣೆಗೆ 5%, 150 ಮತ್ತು 150. ಹಪ್ಪಳ ತುಂಬಲು 1,000 ರೂಪಾಯಿಯ ಪ್ಲಾಸ್ಟಿಕ್ ಕವರ್, ಅದಕ್ಕೆ 90 ಮತ್ತು 90. ಶಿರಸಿ ಕಡೆಯ ಬೆಳೆಗಾರರಿಂದ ಕೊಂಡ ಮಿಡಿಗೆ ತೆರಿಗೆ ಇಲ್ಲ. ಹೀಗೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ್ದರಲ್ಲಿ ಕಳೆದುಕೊಳ್ಳುವ ಹಕ್ಕಿಗೆ ಇನ್‌ಪುಟ್ ಕ್ರೆಡಿಟ್ ಎನ್ನುತ್ತಾರೆ.

ಬಿಲ್ ಕೈಯಲ್ಲಿದ್ದರೆ ಸಾಲದು. ಹಾಲಿನ ಡೇರಿಯಲ್ಲಿ ನಮ್ಮ ಕಾರ್ಡಿನಲ್ಲಿ ಬರೆದ ಲೀಟರು ಡೇರಿಯ ಪುಸ್ತಕದಲ್ಲೂ ಇದ್ದರೆ ತಾನೇ ಹಣ ಬರುವುದು? ಹಾಗೆಯೇ ಹುಬ್ಬಳ್ಳಿಯ ಬಾಟಲಿ ವ್ಯಾಪಾರಿ ತಮ್ಮ GSTR-1ರಲ್ಲಿ ಅಕ್ಕನ ಸಂಖ್ಯೆ ಹಾಕಿ ಈ ಬಿಲ್ ತೋರಿಸಿರಬೇಕು. ತೋರಿಸಿದ್ದರೆ 14ನೇ ತಾರೀಖಿಗೆ GSTR-2B ಎಂಬ ಪಟ್ಟಿಯಲ್ಲಿ ಅದು ತಾನಾಗಿ ಕಾಣುತ್ತದೆ. ಕಾಣದಿದ್ದರೆ ಈ ತಿಂಗಳು ಆ ಜಮೆ ಇಲ್ಲ. ಕೂಡಲೇ ಆ ವ್ಯಾಪಾರಿಗೆ ಫೋನ್ ಮಾಡಿ, ಬಿಲ್ ನಂಬರ್ ಹೇಳಿ, ಮುಂದಿನ ತಿಂಗಳಾದರೂ ಸೇರಿಸಲು ಕೇಳಬೇಕು.

ನಮ್ಮ ಲೆಕ್ಕದಲ್ಲಿ ಮೂರೂ ಬಿಲ್ಲುಗಳು ಕಂಡಿವೆ: ಸಿಜಿಎಸ್‌ಟಿ 960, ಎಸ್‌ಜಿಎಸ್‌ಟಿ 960. ಆದರೆ ಹಪ್ಪಳದ ಕವರಿನ 90 ಮತ್ತು 90 ಅಕ್ಕನಿಗೆ ಸಲ್ಲುವುದಿಲ್ಲ. ತೆರಿಗೆಯಿಲ್ಲದೆ ಮಾರುವ ಸರಕಿಗಾಗಿ ಕೊಂಡದ್ದರ ಮೇಲೆ ಜಮೆ ಕೇಳುವಂತಿಲ್ಲ. ಪಟ್ಟಿಯಲ್ಲಿ ತಾನಾಗಿ ಬಂದಿದೆ ಎಂದ ಮಾತ್ರಕ್ಕೆ ಹಕ್ಕು ಬಂದಂತಲ್ಲ. ಇದನ್ನು ಅಕ್ಕನೇ ಗುರುತಿಸಿ ವಾಪಸ್ ಬಿಡಬೇಕು. ಉಳಿಯುವುದು 870 ಮತ್ತು 870.

ಇಪ್ಪತ್ತರೊಳಗೆ ಹಣ

ಎರಡನೆಯ ಕಾಗದ GSTR-3B, ಲೆಕ್ಕ ತೀರಿಸಿ ಹಣ ಕಟ್ಟುವುದು. ಗಡುವು 20ನೇ ತಾರೀಖು. ಮಾರಾಟದ ಅಂಕಿಗಳು ಮೊದಲ ಕಾಗದದಿಂದಲೇ ತುಂಬಿ ಬಂದಿರುತ್ತವೆ: ತೆರಿಗೆಯ ಸರಕು 70,000, ತೆರಿಗೆರಹಿತ 15,000. ನಾಲ್ಕನೆಯ ಕೋಷ್ಟಕದಲ್ಲಿ ಜಮೆ 960 ಮತ್ತು 960 ಇರುತ್ತದೆ. ಅದೇ ಕೋಷ್ಟಕದ `4(B)(1)` ಸಾಲಿನಲ್ಲಿ 90 ಮತ್ತು 90 ಬರೆಯುವುದೇ ಅಕ್ಕನ ಕೆಲಸ.

ಈಗ ಡಬ್ಬಿಗಳ ಹೊಂದಾಣಿಕೆ. ಕೇಂದ್ರದ ಡಬ್ಬಿಯ ಜಮೆ 870 ಮೊದಲು ಅದೇ ಡಬ್ಬಿಯ 750 ತೀರಿಸುತ್ತದೆ, 120 ಉಳಿಯುತ್ತದೆ. ರಾಜ್ಯದ ಡಬ್ಬಿಯಲ್ಲೂ ಹಾಗೆಯೇ 120. ಈ ಎರಡು ಡಬ್ಬಿಗಳು ಒಂದಕ್ಕೊಂದು ಸಾಲ ಕೊಡುವಂತಿಲ್ಲ, ಆದರೆ ಎರಡೂ ಐಜಿಎಸ್‌ಟಿಗೆ ಕೊಡಬಹುದು. ಹಾಗಾಗಿ ಐಜಿಎಸ್‌ಟಿಯ 2,000ದಲ್ಲಿ 240 ಕಳೆದು 1,760 ಉಳಿಯಿತು. ಅಕ್ಕ ಕೈಯಿಂದ ಕಟ್ಟಬೇಕಾದ್ದು ಇಷ್ಟೇ.

ಚಲನ್ ತಯಾರಿಸುವಾಗ 1,760ನ್ನು ಐಜಿಎಸ್‌ಟಿ ಸಾಲಿನ `Tax` ಅಂಕಣದಲ್ಲಿ ಬರೆಯಬೇಕು. ಪಕ್ಕದಲ್ಲೇ ಬಡ್ಡಿ, ದಂಡ, ಶುಲ್ಕದ ಅಂಕಣಗಳಿವೆ. ಅವುಗಳಲ್ಲಿ ಬಿದ್ದ ಹಣ ಖಾತೆಯಿಂದ ಹೋಗಿರುತ್ತದೆ, ಆದರೂ ಪೋರ್ಟಲ್ ‘ತೆರಿಗೆ ಬಾಕಿ’ ಎನ್ನುತ್ತದೆ. ಗಾಬರಿ ಬೇಡ, ಹಣ ಕಳೆದಿಲ್ಲ. PMT-09 ಎಂಬ ನಮೂನೆಯಲ್ಲಿ ಅದನ್ನು ಸರಿಯಾದ ಅಂಕಣಕ್ಕೆ ಸಾಗಿಸಬಹುದು. ಹಣ ಕಟ್ಟಲು ನೆಟ್ ಬ್ಯಾಂಕಿಂಗ್ ಇದೆ. 10,000 ರೂಪಾಯಿವರೆಗಿನ ಚಲನ್ ಆದರೆ ಬ್ಯಾಂಕಿನ ಕೌಂಟರಿನಲ್ಲೂ ಕಟ್ಟಬಹುದು.

ಹಣ ಜಮೆಯಾದ ಮೇಲೆ ಹೊಂದಾಣಿಕೆ ಒಪ್ಪಿ ಒಟಿಪಿಯಿಂದ ಸಲ್ಲಿಸಿದರೆ ಮೊದಲ ತಿಂಗಳು ಮುಗಿಯಿತು. ಸಲ್ಲಿಸಿದ 3Bಯನ್ನು ತಿದ್ದಲಾಗದು. ತಡವಾದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಕಟ್ಟದ ತೆರಿಗೆಗೆ ವರ್ಷಕ್ಕೆ 18% ಬಡ್ಡಿ.

ವ್ಯಾಪಾರವಿಲ್ಲದ ಮಳೆಗಾಲದ ತಿಂಗಳು

ಜಡಿಮಳೆಯಲ್ಲಿ ಸಂತೆಯೂ ಇಲ್ಲ, ಗೋವಾದ ಬೇಡಿಕೆಯೂ ಇಲ್ಲ ಎಂದಾದರೆ ರಿಟರ್ನ್ ಬೇಡವೇ? ಬೇಕು. ಸೊನ್ನೆಯ ರಿಟರ್ನ್ ತಡವಾದರೂ ದಿನಕ್ಕೆ 20 ರೂಪಾಯಿ ಶುಲ್ಕ ಬೀಳುತ್ತದೆ. ಆದರೆ ಅದಕ್ಕೆ ಕಂಪ್ಯೂಟರ್ ಬೇಡ. ನೋಂದಾಯಿಸಿದ ಮೊಬೈಲ್‌ನಿಂದ 14409ಕ್ಕೆ ಎರಡು ಎಸ್‌ಎಂಎಸ್ ಕಳಿಸಬಹುದು, ಮೊದಲು ಮಾರಾಟದ ಪಟ್ಟಿಗೆ, ಆಮೇಲೆ 3Bಗೆ. ಕೊನೆಯ ಆರು ಅಂಕಿ ತಿಂಗಳು ಮತ್ತು ವರ್ಷ:

```
NIL R1 29ABCDE1234F1Z5 072026
NIL 3B 29ABCDE1234F1Z5 072026
```

ಪ್ರತಿ ಸಲ ತಿರುಗಿ ಬರುವ ಆರಂಕಿಯ ಸಂಕೇತವನ್ನು, ಮಾರಾಟದ ಪಟ್ಟಿಗಾದರೆ `CNF R1`, 3Bಗಾದರೆ `CNF 3B` ಎಂಬುದರ ಮುಂದೆ ಬರೆದು ಮರಳಿ ಕಳಿಸಿದರೆ ಸಲ್ಲಿಕೆ ಮುಗಿಯುತ್ತದೆ. ಆ ತಿಂಗಳು ಯಾರಾದರೂ ನೆರೆಯವರು ಬಂದು ಒಂದು ಕಟ್ಟು ಹಪ್ಪಳ ಕೊಂಡಿದ್ದರೆ ಮಾತ್ರ ಈ ದಾರಿ ಮುಚ್ಚಿದಂತೆ. ತೆರಿಗೆಯಿಲ್ಲದಿದ್ದರೂ ಅದು ಮಾರಾಟವೇ, ಪೋರ್ಟಲ್‌ಗೆ ಹೋಗಿಯೇ ತೋರಿಸಬೇಕು.